ಗಟ್ಟಿ ಓದಿನ ತಪ್ಪುಗಳ ವಿಶ್ಲೇಷಣೆ: 4ನೇ ತರಗತಿಯ ಬಾಲಕಿ

ಕೊಟ್ಟ ಪಾಠ: ಕರು ಕಳೆದುಹೋದ ಕಥೆ, 120 ಪದ, ಮೊದಲು ಓದಿದ್ದಲ್ಲ. ಧ್ವನಿಮುದ್ರಣ ಮಾಡಿಕೊಂಡಿದೆ. ನಡುವೆ ಯಾರೂ ತಿದ್ದಲಿಲ್ಲ. ತರಗತಿಯಲ್ಲಿ ತಪ್ಪಿದ ತಕ್ಷಣ ನಾವೇ ಸರಿಪದ ಹೇಳಿಬಿಡುವುದರಿಂದ, ತಾನೇ ತಿದ್ದಿಕೊಳ್ಳುವ ಮಗು ಯಾವುದು ಎಂಬುದೇ ತಿಳಿಯುವುದಿಲ್ಲ.

ಅಚ್ಚಿನಲ್ಲಿ ಇದ್ದಂತೆ ಓದದ ಪದಗಳು 14. ಅವುಗಳಲ್ಲಿ ‘ಹಸು’ ಅನ್ನು ‘ಅಸು’, ‘ಹಾಲು’ ಅನ್ನು ‘ಆಲು’, ‘ಹಗ್ಗ’ವನ್ನು ‘ಅಗ್ಗ’ ಎಂದದ್ದು ಮನೆಮಾತು, ತಪ್ಪಿನ ಲೆಕ್ಕಕ್ಕಿಲ್ಲ. ಉಳಿದ 11ರಲ್ಲಿ 4 ತಾನೇ ತಿದ್ದಿಕೊಂಡಳು. ತಿದ್ದದೆ ಉಳಿದವು 7, ಅಂದರೆ ನಿಖರತೆ 94%. ಪಾಠ ಅವಳ ಮಟ್ಟಕ್ಕೆ ಸರಿಯಾಗಿದೆ.

ಈ 94ಕ್ಕಿಂತ ಮುಖ್ಯವಾದದ್ದು ಒಂದು ಜಾಗ. ‘ಬಾವಿಯ ಬಳಿ ನೋಡಿದಳು. ಕರು ಕಾಣಲಿಲ್ಲ’ ಎಂಬುದನ್ನು ‘ಕಾಣಿಸಿತು’ ಎಂದಳು. ಮುಂದೆ ‘ಸಪ್ಪೆ ಮೋರೆ ಹಾಕಿಕೊಂಡು’ ಬಂತು. ನಿಂತಳು. ಹಿಂದಿನ ಸಾಲಿಗೆ ಹೋಗಿ ‘ಕಾಣಲಿಲ್ಲ’ ಎಂದು ಓದಿಕೊಂಡು ಮುಂದುವರಿದಳು. ಅರ್ಥ ಹಿಡಿಯದ ಮಗು ಹಾಗೆ ನಿಲ್ಲುವುದಿಲ್ಲ. ಇನ್ನೆರಡು ತಿದ್ದುಪಡಿ ವಿಭಕ್ತಿಯವು, ಒಂದು ಕ್ರಿಯಾಪದದ ಕಾಲದ್ದು.

ಉಳಿದ 7ರಲ್ಲಿ ನಾಲ್ಕು ಅರ್ಥ ಕೆಡಿಸಿಲ್ಲ: ತಾಯಿ/ಅಮ್ಮ, ನಂತರ/ಆಮೇಲೆ, ಓಡಿ/ಓಡೋಡಿ, ಕೊಟ್ಟಿಗೆಯ/ಕೊಟ್ಟಿಗೆ. ಮೊದಲೆರಡರಲ್ಲಿ ಅಕ್ಷರದ ಹೋಲಿಕೆಯೇ ಇಲ್ಲ, ಊಹೆ ಮಾತ್ರ. ಇಲ್ಲಿ ನಷ್ಟವಾಗಲಿಲ್ಲ ನಿಜ, ಆದರೆ ವಿಜ್ಞಾನದ ಪಾಠದಲ್ಲಿ ಇದೇ ಅಭ್ಯಾಸ ಕೈಕೊಡಬಹುದು, ಗಮನವಿರಲಿ.

ಅರ್ಥ ಕೆಟ್ಟದ್ದು ಮೂರು. ‘ಬತ್ತಿದ ಬಾವಿ’ಯನ್ನು ‘ಬಿತ್ತಿದ ಬಾವಿ’ ಎಂದು ಓದಿ ಹಾಗೇ ಸಾಗಿದಳು. ‘ಗೊಂತಿನ’, ‘ಗೊಂತಿನಲ್ಲಿ’ ಎಂಬುವು ‘ಗೊತ್ತಿನ’, ‘ಗೊತ್ತಿನಲ್ಲಿ’ ಆದವು. ಅನುಸ್ವಾರ ಬಿಟ್ಟು, ತಾನು ಬಲ್ಲ ಪದಕ್ಕೆ ಎಳೆದುಕೊಂಡಿದ್ದಾಳೆ.

ಕಥೆ ಹೇಳಿಸಿದಾಗ ಘಟನೆಗಳನ್ನು ಕ್ರಮವಾಗಿ ಹೇಳಿದಳು. ‘ಕರು ಕೊನೆಗೆ ಎಲ್ಲಿತ್ತು?’ ಎಂದರೆ ಉತ್ತರವಿಲ್ಲ. ಗೊಂತು ಅಂದರೆ ಹಸುವಿಗೆ ಮೇವು ಹಾಕುವ ಜಾಗ ಎಂದ ಕೂಡಲೇ ‘ಓ, ಗೋದ್ಲಿ ಅಲ್ವಾ ಮಿಸ್!’ ಎಂದಳು. ವಸ್ತು ಗೊತ್ತು, ಈ ಹೆಸರು ಗೊತ್ತಿಲ್ಲ.

ತೀರ್ಮಾನ: ಅರ್ಥ ಹಿಡಿದೇ ಓದುತ್ತಾಳೆ; 11ರಲ್ಲಿ 8 ಕಡೆ ಅರ್ಥ ಉಳಿದಿದೆ ಅಥವಾ ತಾನೇ ಉಳಿಸಿಕೊಂಡಿದ್ದಾಳೆ. ತಪ್ಪುವುದು ಹೊಸ ಪದ ಎದುರಾದಾಗ. ಆಗ ಕೇಳಿಕೊಳ್ಳದೆ ಮುಂದೆ ಹೋಗಿಬಿಡುತ್ತಾಳೆ. ಆದ್ದರಿಂದ ಒತ್ತಕ್ಷರ, ಕಾಗುಣಿತದ ಪಟ್ಟಿ ಮತ್ತೆ ಬರೆಸಬೇಕಿಲ್ಲ. ಸಾಲು ಮುಗಿದ ಮೇಲೆ ‘ಬಾವೀನ ಯಾರಾದ್ರೂ ಬಿತ್ತುತ್ತಾರಾ?’ ಎಂದಷ್ಟೇ ಕೇಳಿ, ಪದವನ್ನು ಅವಳೇ ಮತ್ತೆ ನೋಡಲಿ. ಆರು ವಾರದ ನಂತರ, ಕಥೆಯಲ್ಲದ 120 ಪದದ ಪರಿಸರ ಅಧ್ಯಯನದ ಪಾಠ ಕೊಟ್ಟು ಇದೇ ರೀತಿ ಗುರುತು ಹಾಕಿಕೊಳ್ಳಿ.