ಸ್ಲೈಡ್ 11: dP/dT = L/(T Δv) ಅಂದ್ರೆ ನಿಜಕ್ಕೂ ಏನು?

ಚಿಕ್ಕಬಳ್ಳಾಪುರದಲ್ಲಿ ಸ್ಟವ್ ಮೇಲೆ ತೆರೆದ ಪಾತ್ರೆಯಲ್ಲಿಟ್ಟ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ನಂದಿ ಬೆಟ್ಟದ ತುದಿಯಲ್ಲಾದರೆ 95. ಇದಕ್ಕೆ ಕಾರಣ ಸ್ಲೈಡ್ 11ರ ಒಂದು ಸಾಲಿನಲ್ಲಿದೆ. ಕ್ಲಾಸಿನಲ್ಲಿ ಸಮಯ ಸಾಲಲಿಲ್ಲ, ಡೆರಿವೇಶನ್ ಮುಗಿಸುವಷ್ಟರಲ್ಲೇ ಬೆಲ್ ಆಯಿತು. "ಸರ್, ಇದರ ಅರ್ಥ ಏನು?" ಅಂತ ಆಮೇಲೆ ಕೆಲವರು ಕೇಳಿದಿರಿ. ಸರಿಯಾದ ಪ್ರಶ್ನೆ. ಅದನ್ನು ಇಲ್ಲಿ ನಿಧಾನವಾಗಿ ಬಿಡಿಸುತ್ತೇನೆ.

```
dP/dT = L / (T Δv)
```

ಕ್ಲಾಪೆರಾನ್ 1834ರಲ್ಲಿ ಇದರ ಮೊದಲ ರೂಪ ಕೊಟ್ಟರು, ಕ್ಲಾಸಿಯಸ್ 1850ರಲ್ಲಿ ಗಟ್ಟಿ ಮಾಡಿದರು. L ಅಂದರೆ 1 ಕಿಲೋ ನೀರು ಪೂರ್ತಿ ಆವಿಯಾಗಲು ಬೇಕಾದ ಗುಪ್ತೋಷ್ಣ. Δv ಅಂದರೆ 1 ಕಿಲೋ ಆವಿ ಹಿಡಿಯುವ ಜಾಗದಲ್ಲಿ 1 ಕಿಲೋ ನೀರಿನ ಜಾಗ ಕಳೆದರೆ ಉಳಿಯುವುದು. P ಒತ್ತಡ, T ತಾಪಮಾನ, ಅದು ಯಾವಾಗಲೂ ಕೆಲ್ವಿನ್‌ನಲ್ಲಿ. ಎಡಗಡೆ ಇರುವ dP/dT ಬಗ್ಗೆ ಸ್ವಲ್ಪ ಹುಷಾರಾಗಿರಿ, ಮುಚ್ಚಿದ ಡಬ್ಬಿಯಲ್ಲಿ ಗಾಳಿ ಕಾಯಿಸಿದರೆ ಒತ್ತಡ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಇದಲ್ಲ. ನೀರು, ಆವಿ ಎರಡೂ ಸಮತೋಲದಲ್ಲಿ ಒಟ್ಟಿಗೆ ಇರಬಹುದಾದ ಬಿಂದುಗಳನ್ನೆಲ್ಲ ಸೇರಿಸಿದರೆ ಒಂದು ಗೆರೆ ಬರುತ್ತದಲ್ವಾ, ಆ ಗೆರೆಯ ಸ್ಲೋಪ್ ಇದು.

ಈಗ ಅರ್ಥಕ್ಕೆ ಬರೋಣ. L/T ಅಂದರೆ 1 ಕಿಲೋ ನೀರು ಆವಿಯಾದಾಗ ಎಂಟ್ರೊಪಿ ಎಷ್ಟು ಏರಿತು ಅನ್ನುವುದು. ಅದನ್ನು Δs ಅಂತ ಬರೆದು ಸಮೀಕರಣವನ್ನು ಸ್ವಲ್ಪ ತಿರುಗಿಸಿ:

```
Δs · dT = Δv · dP
```

ನನಗೆ ಈ ರೂಪವೇ ಇಷ್ಟ. ತಾಪಮಾನ ಏರಿದಷ್ಟೂ ಎಂಟ್ರೊಪಿ ಜಾಸ್ತಿ ಇರುವ ಕಡೆಗೆ, ಅಂದರೆ ಆವಿಯ ಕಡೆಗೆ, ತೂಕ ವಾಲುತ್ತದೆ. ಒತ್ತಡ ಏರಿದಷ್ಟೂ ಕಮ್ಮಿ ಜಾಗ ಹಿಡಿಯುವ ಕಡೆಗೆ, ಅಂದರೆ ನೀರಿನ ಕಡೆಗೆ, ವಾಲುತ್ತದೆ. ನೀವು ತಾಪಮಾನವನ್ನು dT ಏರಿಸಿ ಆವಿಗೆ Δs·dT ಅಷ್ಟು ಅನುಕೂಲ ಮಾಡಿಕೊಟ್ಟರೆ, ಎರಡೂ ಮತ್ತೆ ಸಮಸಮ ಆಗಬೇಕಾದರೆ ಒತ್ತಡವನ್ನು ಎಷ್ಟು ಏರಿಸಬೇಕು? ಸಮೀಕರಣ ಕೇಳುವುದೂ, ಉತ್ತರ ಹೇಳುವುದೂ ಇಷ್ಟನ್ನೇ. ಅಡ್ವಾಂಟೇಜ್ ಎರಡು ಕಡೆಯೂ ಒಂದೇ ಯೂನಿಟ್‌ನಲ್ಲಿದೆ, ಜೌಲ್ ಪ್ರತಿ ಕಿಲೋಗ್ರಾಂ. ಹಾಗಾಗಿಯೇ ಸಮ ಅನ್ನುವ ಚಿಹ್ನೆ ಹಾಕಲು ಆಗುತ್ತದೆ.

ಯೂನಿಟ್ ಚೆಕ್ ಮಾಡದೆ ಮುಂದೆ ಹೋಗಬೇಡಿ:

```
(J/kg) / (K · m³/kg) = J/(K·m³) = Pa/K
```

ಕಿಲೋಗ್ರಾಂ ಮೇಲೆ ಕೆಳಗೆ ಹೊಡೆದುಹೋಯಿತು. ಒಂದು ಘನ ಮೀಟರ್‌ಗೆ ಒಂದು ಜೌಲ್ ಅಂದರೆ ಒಂದು ಪ್ಯಾಸ್ಕಲ್. ಉಳಿದದ್ದು ಪ್ಯಾಸ್ಕಲ್ ಪ್ರತಿ ಕೆಲ್ವಿನ್, ಎಡಗಡೆ ಬೇಕಿದ್ದದ್ದೂ ಅದೇ. L ಅನ್ನು ಮೋಲ್ ಲೆಕ್ಕದಲ್ಲಿ ತೆಗೆದುಕೊಂಡರೆ ಗಾತ್ರವೂ ಮೋಲ್ ಲೆಕ್ಕದಲ್ಲೇ ಇರಬೇಕು. ಒಂದು ಕಿಲೋದು, ಇನ್ನೊಂದು ಮೋಲ್‌ದು ಆದರೆ ಉತ್ತರ ನೀರಿನ ಮಟ್ಟಿಗೆ 55 ಪಟ್ಟು ಹೆಚ್ಚು ಕಮ್ಮಿ ಆಗುತ್ತದೆ.

ನಂಬರ್ ಹಾಕಿ ನೋಡೋಣ. 100 ಡಿಗ್ರಿಯಲ್ಲಿ:

```
L  = 2.257 × 10⁶ J/kg
T  = 373 K
Δv ≈ 1.67 m³/kg
dP/dT ≈ 3.6 × 10³ Pa/K
```

ಅಂದರೆ ಕುದಿಯುವ ಬಿಂದು 1 ಡಿಗ್ರಿ ಬದಲಾಗಬೇಕಾದರೆ ಒತ್ತಡ 3.6 ಕಿಲೋಪ್ಯಾಸ್ಕಲ್ ಬದಲಾಗಬೇಕು. ನಂದಿ ಬೆಟ್ಟ 1478 ಮೀಟರ್ ಎತ್ತರ, ಅಲ್ಲಿ ಗಾಳಿಯ ಒತ್ತಡ ಸುಮಾರು 84.8 ಕಿಲೋಪ್ಯಾಸ್ಕಲ್. ಸಮುದ್ರ ಮಟ್ಟದ 101.3ರಲ್ಲಿ 16.5 ಕಮ್ಮಿ. 16.5 ಭಾಗಿಸು 3.6, ಸುಮಾರು 4.6. ಅಂದರೆ 95.4 ಡಿಗ್ರಿಗೆ ಕುದಿಯಬೇಕು. ಸ್ಟೀಮ್ ಟೇಬಲ್ ತೆರೆದು ನೋಡಿದರೆ ಸಿಗುವುದು ಸುಮಾರು 95.1. ಈ 0.3ರ ವ್ಯತ್ಯಾಸವನ್ನು ಸುಮ್ನೆ ಬಿಟ್ಟುಬಿಡಬೇಡಿ, ಗೆರೆ ನೇರವಾಗಿಲ್ಲ, ಕೆಳಗೆ ಹೋದಂತೆ ಸ್ಲೋಪ್ ಕಮ್ಮಿಯಾಗುತ್ತದೆ ಅಂತ ಅದು ಹೇಳುತ್ತಿದೆ.

ಇದನ್ನೇ ಉಲ್ಟಾ ದಿಕ್ಕಿನಲ್ಲಿ ನೋಡಬೇಕಾದರೆ ಕೋಲಾರದ ಕಡೆ ಹೋಗಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ, 2001ರಲ್ಲಿ ಗಣಿಗಾರಿಕೆ ನಿಂತಿತು. ಅಷ್ಟು ಆಳದ ಗಾಳಿ ಕಂಬದ ಭಾರ ಲೆಕ್ಕ ಹಾಕಿದರೆ ತಳದಲ್ಲಿ ಒತ್ತಡ 130 ಕಿಲೋಪ್ಯಾಸ್ಕಲ್ ಹತ್ತಿರ ಬರುತ್ತದೆ. ಅದೇ 3.6 ಹಿಡಿದು ಹೋದರೆ ನೀರು 108 ಡಿಗ್ರಿಗೆ ಕುದಿಯಬೇಕು, ಟೇಬಲ್ ಪ್ರಕಾರ 107. ಮೇಲಕ್ಕೆ ಹೋದಂತೆ ಸ್ಲೋಪ್ ಜಾಸ್ತಿ ಆಗುತ್ತದೆ, ಅದಕ್ಕೇ ನೇರ ಗೆರೆ ಇಲ್ಲಿ ಒಂದು ಡಿಗ್ರಿ ಹೆಚ್ಚು ತೋರಿಸಿತು. 120 ಡಿಗ್ರಿಯಲ್ಲಿ, ಅಂದರೆ ಕುಕ್ಕರ್ ಒಳಗಿನ ಬಿಸಿಯಲ್ಲಿ, ಸ್ಲೋಪ್ ಆಗಲೇ 6.3 ಕಿಲೋಪ್ಯಾಸ್ಕಲ್ ಆಗಿರುತ್ತದೆ. ಯಾಕೆ ಅಂದರೆ ಒತ್ತಡ ಏರಿದಂತೆ ಆವಿ ಕುಗ್ಗಿ ದಟ್ಟವಾಗುತ್ತದೆ, Δv ಬೇಗ ಇಳಿಯುತ್ತದೆ. L ಕೂಡ ಇಳಿಯುತ್ತದೆ, ಆದರೆ ನಿಧಾನವಾಗಿ.

ಇನ್ನು ಲಿಮಿಟ್‌ಗಳು. ಮಾಮೂಲಿ ಒತ್ತಡದಲ್ಲಿ ಆವಿ ನೀರಿಗಿಂತ 1600 ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ನೀರಿನ ಗಾತ್ರ ಬಿಟ್ಟುಬಿಡಿ, ಆವಿಯನ್ನು ಐಡಿಯಲ್ ಗ್ಯಾಸ್ ಅಂತ ತೆಗೆದುಕೊಳ್ಳಿ, Δv ಜಾಗದಲ್ಲಿ RT/P ಹಾಕಿ:

```
(1/P) dP/dT = L / (R T²)
R = 461.5 J/(kg·K)
```

25 ಡಿಗ್ರಿಯಲ್ಲಿ ಬಲಗಡೆ 0.06 ಪ್ರತಿ ಕೆಲ್ವಿನ್ ಬರುತ್ತದೆ. ಅಂದರೆ ಒಂದು ಡಿಗ್ರಿ ಏರಿದರೆ ನೀರಾವಿಯ ಸ್ಯಾಚುರೇಶನ್ ಒತ್ತಡ ಶೇಕಡಾ 6ರಷ್ಟು ಏರುತ್ತದೆ. ಭೂಮಿ ಬಿಸಿಯಾದಂತೆ ಗಾಳಿಯಲ್ಲಿ ತೇವ ಹೆಚ್ಚುತ್ತದೆ, ಮಳೆ ಬಂದರೆ ಜೋರಾಗಿ ಬರುತ್ತದೆ ಅಂತ ಹವಾಮಾನದವರು ಹೇಳುವುದರ ಹಿಂದೆ ಇರುವ ಮುಖ್ಯ ಲೆಕ್ಕ ಇದೇ. ಒಣ ಜಿಲ್ಲೆಯವರಾದ ನಾವು ಈ ಒಂದು ಸಂಖ್ಯೆಯನ್ನಾದರೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

T ಸೊನ್ನೆಯ ಕಡೆಗೆ ಹೋದರೆ? ಕೆಳಗೆ T² ಇದೆ, ಸ್ಲೋಪ್ ಅನಂತಕ್ಕೆ ಹೋಗುತ್ತದೆ ಅಂತ ಅನ್ನಿಸುತ್ತದೆ. ಹೋಗುವುದಿಲ್ಲ. ಎಡಗಡೆಯ P ಅದಕ್ಕಿಂತ ಎಷ್ಟೋ ಬೇಗ, exp(−L/RT) ಲೆಕ್ಕದಲ್ಲಿ, ಸೊನ್ನೆಗೆ ಬೀಳುತ್ತದೆ. ಆದ್ದರಿಂದ dP/dT ಕೂಡ ಸೊನ್ನೆ. ಅಲ್ಲಿ ನೀರು ಇರುವುದಿಲ್ಲ, ಮಂಜುಗಡ್ಡೆ ನೇರ ಆವಿಯಾಗುವ ಗೆರೆ ಅದು, L ಕೂಡ ಆ ಗೆರೆಯದ್ದೇ ಹಾಕಬೇಕು.

ಇನ್ನೊಂದು ತುದಿ ಕ್ರಿಟಿಕಲ್ ಬಿಂದು, 374 ಡಿಗ್ರಿ, 22 ಮೆಗಾಪ್ಯಾಸ್ಕಲ್. ಅಲ್ಲಿ ನೀರು, ಆವಿ ಅನ್ನುವ ಭೇದವೇ ಅಳಿಸಿಹೋಗುತ್ತದೆ. L ಸೊನ್ನೆ, Δv ಸೊನ್ನೆ. ಸೊನ್ನೆ ಭಾಗಿಸು ಸೊನ್ನೆ ಅಂತ ಗಾಬರಿಯಾಗಬೇಡಿ, ಎರಡೂ ಒಟ್ಟೊಟ್ಟಿಗೆ ಇಳಿಯುವುದರಿಂದ ಅನುಪಾತ ಒಂದು ಬೆಲೆಗೆ ನಿಲ್ಲುತ್ತದೆ, ಸುಮಾರು 268 ಕಿಲೋಪ್ಯಾಸ್ಕಲ್ ಪ್ರತಿ ಕೆಲ್ವಿನ್. ಗೆರೆ ಆ ಸ್ಲೋಪ್‌ನಲ್ಲೇ ಹೋಗಿ ಅಲ್ಲಿಗೆ ಮುಗಿಯುತ್ತದೆ. ಐಡಿಯಲ್ ಗ್ಯಾಸ್ ರೂಪವನ್ನು ಇಲ್ಲಿ ಹಾಕಿದರೆ ತಪ್ಪು, ಆವಿ ಇಲ್ಲಿ ನೀರಿನಷ್ಟೇ ದಟ್ಟ.

ಕೊನೆಗೆ Δvಯ ಚಿಹ್ನೆ. ಮಂಜುಗಡ್ಡೆ ಕರಗಿದರೆ ನೀರಾಗಿ ಕುಗ್ಗುತ್ತದೆ, Δv ಮೈನಸ್ ಆಗುತ್ತದೆ:

```
L  = 3.34 × 10⁵ J/kg
Δv ≈ −9.1 × 10⁻⁵ m³/kg
dP/dT ≈ −1.3 × 10⁷ Pa/K
```

ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು 130 ವಾತಾವರಣದಷ್ಟು ಒತ್ತಡ ಬೇಕು. ಸ್ಲೈಡ್ 12ರ ಗ್ರಾಫ್‌ನಲ್ಲಿ ಒಂದು ಗೆರೆ ಹೆಚ್ಚು ಕಮ್ಮಿ ನೆಟ್ಟಗೆ ನಿಂತು, ಎಡಕ್ಕೆ ಒಂಚೂರು ವಾಲಿದೆಯಲ್ಲ, ಅದು ಇದೇ. ಬೇರೆ ಬಹುತೇಕ ವಸ್ತುಗಳಲ್ಲಿ ಆ ಗೆರೆ ಬಲಕ್ಕೆ ವಾಲುತ್ತದೆ, ಏಕೆಂದರೆ ಅವು ಕರಗಿದಾಗ ಹಿಗ್ಗುತ್ತವೆ. ನಾಳೆ ಗ್ರಾಫ್ ಬರೆಯುವಾಗ ನೀರಿಗೆ ಎಡಕ್ಕೇ ವಾಲಿಸಿ ಬರೆಯಿರಿ.