ಪ್ರಗತಿ ಪತ್ರದ ಹೊಸ ಕಾಲಂ ಬಗ್ಗೆ 9ನೇ ತರಗತಿಯ ಪಾಲಕರಿಗೆ

ಗಂಗಾವತಿ
3 ನವೆಂಬರ್ 2025

9ನೇ ತರಗತಿ ಎ, ಬಿ ಮತ್ತು ಸಿ ವಿಭಾಗದ ಮಕ್ಕಳ ಪಾಲಕರಿಗೆ ನಮಸ್ಕಾರಗಳು.

ಎಸ್‌ಎ-1 ಪರೀಕ್ಷೆಯ ಪ್ರಗತಿ ಪತ್ರ ಇಂದು ಮಕ್ಕಳ ಕೈಯಲ್ಲಿ ಮನೆಗೆ ಬರುತ್ತಿದೆ. ಪ್ರತಿ ವಿಷಯದ ಅಂಕದ ಪಕ್ಕದಲ್ಲಿ ಈ ಸಲ ‘ಪರ್ಸೆಂಟೈಲ್’ ಎಂಬ ಇನ್ನೊಂದು ಸಂಖ್ಯೆ ಇದೆ. ಇದು ಪರ್ಸೆಂಟೇಜ್ ಅಲ್ಲ. ಹೆಸರು ಒಂದೇ ಥರ ಕೇಳಿಸಿದರೂ ಲೆಕ್ಕ ಬೇರೆ, ಅರ್ಥವೂ ಬೇರೆ. ಗೊಂದಲವಾಗಬಾರದೆಂದು ಈ ಪತ್ರ.

ಎಕರೆಗೆ 30 ಚೀಲ ಭತ್ತ ಬಂದರೆ ಬೆಳೆ ಚೆನ್ನಾಗಿ ಬಂತೋ ಇಲ್ಲವೋ? ಆ ಹಂಗಾಮಿನಲ್ಲಿ ಅದೇ ಕಾಲುವೆಯ ನೀರು ಉಂಡ ಅಕ್ಕಪಕ್ಕದ ಗದ್ದೆಗಳಿಗೆ ಎಷ್ಟು ಚೀಲ ಬಂತೆಂದು ಕೇಳದೆ ನಮ್ಮ ಊರಲ್ಲಿ ಯಾರೂ ಉತ್ತರ ಹೇಳುವುದಿಲ್ಲ. ಎಲ್ಲರಿಗೂ 40 ಬಂದ ವರ್ಷ 30 ಕಡಿಮೆ. ಕಂದು ಜಿಗಿಹುಳು ಬಿದ್ದು ಎಲ್ಲರಿಗೂ 20 ಬಂದ ವರ್ಷ ಅದೇ 30 ಬಂಪರ್. ಅಂಕವೂ ಹಾಗೇ. ಪ್ರಶ್ನೆಪತ್ರಿಕೆ ಸುಲಭವಿತ್ತೋ ಕಠಿಣವಿತ್ತೋ ಎಂಬುದನ್ನು ಬರೀ ಅಂಕ ಹೇಳುವುದಿಲ್ಲ. ಅದೇ ಪತ್ರಿಕೆ ಬರೆದ ಮಕ್ಕಳಲ್ಲಿ ನಿಮ್ಮ ಮಗು ಎಷ್ಟು ಜನರಿಗಿಂತ ಮುಂದಿದೆ ಎಂಬುದನ್ನು ಪರ್ಸೆಂಟೈಲ್ ಹೇಳುತ್ತದೆ. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗುವಿನ ಹಿಂದೆ ಸುಮಾರು ಎಷ್ಟು ಜನ ಇರುತ್ತಾರೋ ಅದೇ ಆ ಸಂಖ್ಯೆ.

ಲೆಕ್ಕ ಹಾಕುವ ಬಗೆ ಹೀಗಿದೆ. ಮೂರೂ ವಿಭಾಗ ಸೇರಿ 124 ಮಕ್ಕಳು, ಪರೀಕ್ಷೆ ಬರೆದವರು 120. ಗೈರಾದ ನಾಲ್ವರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅವರ ಪತ್ರದಲ್ಲಿ ಆ ಜಾಗಕ್ಕೆ ಗೆರೆ ಎಳೆದಿದ್ದೇವೆ. ಒಬ್ಬ ವಿದ್ಯಾರ್ಥಿಗೆ ಗಣಿತದಲ್ಲಿ ನೂರಕ್ಕೆ 58 ಬಂದಿದೆ ಎನ್ನಿ. ಅವನಿಗಿಂತ ಕಡಿಮೆ ತೆಗೆದವರು 95, ಅವನೂ ಸೇರಿ ಸರಿಯಾಗಿ 58 ತೆಗೆದವರು 6, ಹೆಚ್ಚು ತೆಗೆದವರು 19. ಕಡಿಮೆ ತೆಗೆದವರ ಸಂಖ್ಯೆಗೆ ಸಮ ತೆಗೆದವರ ಅರ್ಧ ಕೂಡಿಸಿ, 120ರಿಂದ ಭಾಗಿಸಿ, ನೂರರಿಂದ ಗುಣಿಸಬೇಕು:

(95 + 3) ÷ 120 × 100 = 81.67

ಪತ್ರದಲ್ಲಿ 82 ಎಂದು ಬರೆದಿದ್ದೇವೆ. ಸಮ ಅಂಕದವರಲ್ಲಿ ಅರ್ಧ ಮಾತ್ರ ಏಕೆ? ಪೂರ್ತಿ ಬಿಟ್ಟರೆ ಎಲ್ಲರನ್ನೂ ಕೆಳಕ್ಕೆ ತಳ್ಳಿದಂತೆ, ಪೂರ್ತಿ ಸೇರಿಸಿದರೆ ಎಲ್ಲರನ್ನೂ ಮೇಲಕ್ಕೆ ಎತ್ತಿದಂತೆ. ಈ ವಿಧಾನದಲ್ಲಿ ಯಾರಿಗೂ ಪೂರ್ತಿ 100 ಬರುವುದಿಲ್ಲ, ಮೊದಲ ಸ್ಥಾನದಲ್ಲಿ ಒಬ್ಬರೇ ಇದ್ದರೆ 99.58 ಬರುತ್ತದೆ, ಅದನ್ನೂ 100 ಮಾಡದೆ 99 ಎಂದೇ ಬರೆದಿದ್ದೇವೆ. ಜೆಇಇ ಮೇನ್‌ನಲ್ಲಿ ಸಮ ಅಂಕದವರನ್ನು ಪೂರ್ತಿ ಎಣಿಸುತ್ತಾರೆ, ಅದಕ್ಕೇ ಅಲ್ಲಿ 100 ಪರ್ಸೆಂಟೈಲ್ ಎಂಬ ಸುದ್ದಿ ಪೇಪರಿನಲ್ಲಿ ಬರುತ್ತದೆ.

ಅದೇ ಹುಡುಗನಿಗೆ ಕನ್ನಡದಲ್ಲಿ 84 ಬಂದಿದೆ. ಅಲ್ಲಿ ಅವನಿಗಿಂತ ಕಡಿಮೆ ತೆಗೆದವರು 48, ಸಮ 8, ಹೆಚ್ಚು 64. ಪರ್ಸೆಂಟೈಲ್ 43. ಬರೀ ಅಂಕ ನೋಡಿದ ಮನೆಯವರು ‘ಕನ್ನಡ ಪರವಾಗಿಲ್ಲ, ಗಣಿತಕ್ಕೆ ಟ್ಯೂಷನ್ ಹಚ್ಚೋಣ’ ಎನ್ನುತ್ತಾರೆ. ನಿಜ ಸ್ಥಿತಿ ತಿರುವುಮುರುವು. ಈ ಸಲ ಗಣಿತದ ಪತ್ರಿಕೆ ಗಟ್ಟಿಯಾಗಿತ್ತು, ಅದರಲ್ಲಿ 58 ತೆಗೆದವನು ಚೆನ್ನಾಗಿಯೇ ಮಾಡಿದ್ದಾನೆ. ಕನ್ನಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅವನಿಗಿಂತ ಮುಂದಿದ್ದಾರೆ. ಟ್ಯೂಷನ್ ದುಡ್ಡು ತಪ್ಪು ಜಾಗಕ್ಕೆ ಹೋಗಬಾರದು ಎಂಬುದೇ ಈ ಕಾಲಂ ಸೇರಿಸಲು ನಮಗಿದ್ದ ದೊಡ್ಡ ಕಾರಣ.

‘ಹಾಗಾದರೆ ರ‍್ಯಾಂಕ್ ಕೊಡಬಹುದಿತ್ತಲ್ಲ’ ಎಂದು ಕೆಲವರು ಕೇಳಿದ್ದೀರಿ. 20ನೇ ರ‍್ಯಾಂಕ್ ಎಂದರೆ 40 ಮಕ್ಕಳಲ್ಲಿ ನಡುವೆ, 120 ಮಕ್ಕಳಲ್ಲಿ ಮುಂದೆ. ಎಷ್ಟು ಜನ ಬರೆದರೆಂಬುದು ಗೊತ್ತಿಲ್ಲದಿದ್ದರೆ ರ‍್ಯಾಂಕಿಗೆ ಅರ್ಥವಿಲ್ಲ. ಹೆಸರು ಸಮೇತ ಪಟ್ಟಿ ಗೋಡೆಗೆ ಹಚ್ಚುವ ಪದ್ಧತಿಯನ್ನೂ ನಾವು ಇಟ್ಟುಕೊಂಡಿಲ್ಲ, ಕೊನೆಯ ಸಾಲಿನ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನು ಈ ಸಂಖ್ಯೆಯನ್ನು ತಪ್ಪಾಗಿ ಓದುವ ದಾರಿಗಳು ಹಲವಿವೆ. ಮೊದಲನೆಯದು, ಪರ್ಸೆಂಟೈಲ್ ಕಡಿಮೆ ಎಂದರೆ ನಪಾಸು ಎಂದುಕೊಳ್ಳುವುದು. ಪಾಸು, ನಪಾಸು ತೀರ್ಮಾನವಾಗುವುದು ಅಂಕದಿಂದ ಮಾತ್ರ. ಕನ್ನಡದಲ್ಲಿ 70 ಅಂಕ ತೆಗೆದ ಮಗುವಿಗೂ ಪರ್ಸೆಂಟೈಲ್ 15 ಬಂದಿರಬಹುದು. ಗಣಿತದಲ್ಲಿ ಪಾಸಾಗುವಷ್ಟು ಅಂಕ ಬಾರದ ಮಗುವಿಗೆ ಪರ್ಸೆಂಟೈಲ್ 30 ಬಂದಿರಬಹುದು, ಅದನ್ನು ನೋಡಿ ಸುಮ್ಮನೆ ಕೂಡುವಂತಿಲ್ಲ.

ಎರಡನೆಯದು ಸ್ವಲ್ಪ ಸೂಕ್ಷ್ಮ. ಸಾಲಿನ ನಡುಭಾಗದಲ್ಲಿ ಮಕ್ಕಳು ಒತ್ತೊತ್ತಾಗಿ ನಿಂತಿರುತ್ತಾರೆ. ಕನ್ನಡದ ಆ ಹುಡುಗನನ್ನೇ ತೆಗೆದುಕೊಳ್ಳಿ. 84ರ ಬದಲು 86 ಬಂದಿದ್ದರೆ ಅವನ ಪರ್ಸೆಂಟೈಲ್ 43ರಿಂದ ನೇರ 57ಕ್ಕೆ ಏರುತ್ತಿತ್ತು, ಏಕೆಂದರೆ 84, 85, 86 ಈ ಮೂರು ಅಂಕಗಳಲ್ಲೇ 25 ಮಕ್ಕಳಿದ್ದಾರೆ. ಎರಡು ಅಂಕವೆಂದರೆ ಒಂದು ಸಣ್ಣ ಪ್ರಶ್ನೆ, ಅಥವಾ ಪತ್ರಲೇಖನದಲ್ಲಿ ಮರೆತ ವಿಳಾಸ, ದಿನಾಂಕ. ಹಾಗಾಗಿ ಪರ್ಸೆಂಟೈಲ್ 40ರಿಂದ 60ರ ನಡುವೆ ಹತ್ತು ಹದಿನೈದು ಹೆಚ್ಚುಕಡಿಮೆ ಆದರೆ ಅದಕ್ಕೆ ಮಗುವನ್ನು ಬೈಯಬೇಡಿ, ಹೊಗಳಲೂ ಬೇಡಿ. ಮುಂದಿನ ಪರೀಕ್ಷೆಯಲ್ಲೂ ಅದೇ ದಿಕ್ಕಿನಲ್ಲಿ ಹೋಯಿತೇ ಎಂದು ಕಾದು ನೋಡಿ.

ಮಗು ಎಷ್ಟು ಕಲಿಯಿತು ಎಂಬುದನ್ನೂ ಪರ್ಸೆಂಟೈಲ್ ಹೇಳುವುದಿಲ್ಲ. ವಿಜ್ಞಾನದಲ್ಲಿ ಒಂದು ಮಗು 52ರಿಂದ 61ಕ್ಕೆ ಬಂದು, ಉಳಿದವರೂ ಅಷ್ಟೇ ಮುಂದೆ ಸರಿದಿದ್ದರೆ, ಪರ್ಸೆಂಟೈಲ್ ಇದ್ದಲ್ಲೇ ಇರುತ್ತದೆ. ಕಲಿಕೆ ನೋಡಲು ಅಂಕವನ್ನೂ ಉತ್ತರಪತ್ರಿಕೆಯನ್ನೂ ನೋಡಬೇಕು. ಬೇರೆ ಶಾಲೆಯಲ್ಲಿ ಓದುವ ಅಣ್ಣನ ಮಗನ ಪರ್ಸೆಂಟೈಲ್ ಜೊತೆ ಇದನ್ನು ಹೋಲಿಸಲೇಬೇಡಿ. ಅಲ್ಲಿಯ ಪತ್ರಿಕೆ ಬೇರೆ, ಮಕ್ಕಳ ಗುಂಪು ಬೇರೆ. ಆರು ವಿಷಯಗಳ ಪರ್ಸೆಂಟೈಲ್ ಕೂಡಿಸಿ ಸರಾಸರಿ ತೆಗೆಯುವುದೂ ತಪ್ಪು. ಪ್ರಗತಿ ಪತ್ರದ ಕೊನೆಯ ಸಾಲಿನ ಒಟ್ಟು ಪರ್ಸೆಂಟೈಲನ್ನು ಒಟ್ಟು ಅಂಕದಿಂದ ಬೇರೆಯಾಗಿ ಲೆಕ್ಕ ಹಾಕಿದ್ದೇವೆ.

ಕಾಲುವೆಯ ಮೇಲ್ಭಾಗದ ಗದ್ದೆಯನ್ನೂ ಟೇಲ್ ಎಂಡ್ ಗದ್ದೆಯನ್ನೂ ಒಂದೇ ಚೀಲದ ಲೆಕ್ಕದಲ್ಲಿ ಅಳೆದರೆ ನೀರು ಎಲ್ಲಿಯವರೆಗೆ ಬಂತೆಂಬುದು ಕಾಣುವುದಿಲ್ಲ. ಸುಗ್ಗಿಯಲ್ಲಿ ಮೂರು ವಾರ ಶಾಲೆ ತಪ್ಪಿಸಿಕೊಂಡ ಮಗುವಿನ ಸಂಖ್ಯೆಯನ್ನು ಓದುವಾಗ ಹಾಜರಾತಿಯನ್ನೂ ಜೊತೆಗಿಟ್ಟುಕೊಳ್ಳಿ. ಅದು ಪ್ರಗತಿ ಪತ್ರದ ಹಿಂಬದಿಯಲ್ಲಿದೆ.

ಅಂಕವೂ ಪರ್ಸೆಂಟೈಲೂ ಎರಡೂ ಕಡಿಮೆ ಇರುವ ವಿಷಯಕ್ಕೆ ಮೊದಲು ಗಮನ ಕೊಡಿ. ಅಂಕ ಕಡಿಮೆ, ಪರ್ಸೆಂಟೈಲ್ ಹೆಚ್ಚು ಇದ್ದರೆ ಪತ್ರಿಕೆ ಗಟ್ಟಿಯಾಗಿತ್ತು, ಇಲ್ಲವೇ ಆ ಪಾಠ ಇಡೀ ತರಗತಿಗೇ ಸರಿಯಾಗಿ ತಲುಪಿಲ್ಲ ಎಂದರ್ಥ, ಅದು ನಮ್ಮ ಕೆಲಸ. ಗಣಿತದಲ್ಲಿ ಬಹುಪದೋಕ್ತಿಗಳ ಅಧ್ಯಾಯವನ್ನು ಈ ವಾರದಿಂದ ಮತ್ತೆ ಮಾಡುತ್ತಿದ್ದೇವೆ.

ನವೆಂಬರ್ 8, ಶನಿವಾರ ಮಧ್ಯಾಹ್ನ 12 ಗಂಟೆಗೆ ಪಾಲಕರ ಸಭೆ ಇದೆ. ಹೆಸರಿಲ್ಲದೆ ಬರೀ ಅಂಕಗಳನ್ನು ಏರಿಕೆ ಕ್ರಮದಲ್ಲಿ ಬರೆದ ಪಟ್ಟಿಯನ್ನು ಪ್ರತಿ ವಿಷಯಕ್ಕೂ ಮೇಜಿನ ಮೇಲೆ ಇಟ್ಟಿರುತ್ತೇವೆ. ನಿಮ್ಮ ಮಗುವಿನ ಅಂಕದ ಮೇಲೆ ಬೆರಳಿಟ್ಟು, ಅದಕ್ಕಿಂತ ಕಡಿಮೆ ಅಂಕದವರನ್ನೂ ಸಮ ಅಂಕದವರನ್ನೂ ಎಣಿಸಿ, ನೀವೇ ಲೆಕ್ಕ ಹಾಕಿ ನೋಡಬಹುದು. ತಪ್ಪು ಕಂಡರೆ ಅಲ್ಲೇ ತಿದ್ದಿ ಹೊಸ ಪತ್ರ ಕೊಡುತ್ತೇವೆ. ಓದಲು ಬಾರದ ತಾಯಂದಿರು, ಅಜ್ಜ ಅಜ್ಜಿಯರೂ ಬರಲಿ, ಬಾಯಿಮಾತಿನಲ್ಲೇ ತಿಳಿಸುತ್ತೇವೆ. ಬರುವಾಗ ಸಹಿ ಮಾಡಿದ ಪ್ರಗತಿ ಪತ್ರ ತನ್ನಿರಿ.

ಇಂತಿ,
ಗಣಿತ ಶಿಕ್ಷಕಿ ಹಾಗೂ 9ನೇ ‘ಎ’ ವಿಭಾಗದ ತರಗತಿ ಶಿಕ್ಷಕಿ