ನೀಮೋ ಆದಮೇಲೆ ಯಾವುದನ್ನು ಓದಲಿ?

ಪ್ರಕಾಶಕರಿಗೆ ನಮಸ್ಕಾರಗಳು.

ನಾನು ಎಂಟನೇ ಕ್ಲಾಸ್ ಓದುವ ಹುಡುಗಿ. ನೀವು ಕನ್ನಡದಲ್ಲಿ ತಂದಿರುವ ಜೂಲ್ ವರ್ನ್ ಅವರ ಪುಸ್ತಕಗಳಲ್ಲಿ ನಾಲ್ಕನ್ನು ಓದಿ ಮುಗಿಸಿದ್ದೇನೆ. ಐದನೆಯದು ಯಾವುದು ಅಂತ ಗೊತ್ತಾಗುತ್ತಿಲ್ಲ. ನಮ್ಮ ಲೈಬ್ರರಿ ಮೇಡಂ ಹತ್ತಿರ ಕೇಳಿದೆ. "ಪುಸ್ತಕದ ಹಿಂದೆ ಪ್ರಕಾಶಕರ ವಿಳಾಸ ಇದೆಯಲ್ಲ, ಅವರನ್ನೇ ಕೇಳು. ಕೇಳೋದೆಲ್ಲ ವಿವರವಾಗಿ ಬರಿ" ಅಂದರು. ಅದಕ್ಕೇ ಪತ್ರ ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಓದಿದ್ದು ಎಂಬತ್ತು ದಿನಗಳಲ್ಲಿ ಭೂಮಿ ಸುತ್ತುವ ಕಥೆ. ಕೊನೆಯಲ್ಲಿ ಕಥಾನಾಯಕ ಫಾಗ್‌ಗೆ ಒಂದು ದಿನ ಲಾಭ ಆಗುತ್ತದಲ್ಲ, ಅದನ್ನು ನಾನು ಸುಮ್ನೆ ನಂಬಲಿಲ್ಲ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಪೂರ್ವಕ್ಕೆ ಒಂದು ಡಿಗ್ರಿ ಹೋದರೆ ಸೂರ್ಯ 4 ನಿಮಿಷ ಬೇಗ ಹುಟ್ಟುತ್ತಾನೆ. 360 ಡಿಗ್ರಿಗೆ 1,440 ನಿಮಿಷ. ಅಂದರೆ ಸರಿಯಾಗಿ 24 ಗಂಟೆ! ಕಥೆ ಬರೆದವರೊಬ್ಬರು ನನ್ನನ್ನು ಖುಷಿಯಿಂದ ಲೆಕ್ಕ ಮಾಡಲು ಕೂರಿಸಿದ್ದು ಅದೇ ಮೊದಲು. ಅವತ್ತಿಂದ ವರ್ನ್ ಅವರೇ ನನ್ನ ಮೆಚ್ಚಿನ ಲೇಖಕರು.

ಆಮೇಲೆ ಸಿಕ್ಕಿದ್ದು ಕ್ಯಾಪ್ಟನ್ ನೀಮೋನ ಕಥೆ, ಕಡಲಿನಡಿಯಲ್ಲಿ ಇಪ್ಪತ್ತು ಸಾವಿರ ಲೀಗ್. ಇಪ್ಪತ್ತು ಸಾವಿರ ಲೀಗ್ ಅಂದರೆ ಆಳ ಅಂತ ನನ್ನ ತಮ್ಮ ವಾದ ಮಾಡಿದ. ಫ್ರಾನ್ಸಿನವರ ಆ ಲೀಗ್ ಅಂದರೆ 4 ಕಿಲೋಮೀಟರ್. ಒಟ್ಟು 80,000 ಕಿಲೋಮೀಟರ್ ಆಗುತ್ತದೆ. ಅಷ್ಟು ಆಳಕ್ಕೆ ಇಳಿದರೆ ಭೂಮಿಯ ಆಚೆ ಬದಿಯಿಂದ ಹೊರಬಿದ್ದು ಇನ್ನೂ ಎಷ್ಟೋ ದೂರ ಹೋಗಿಬಿಡುತ್ತೇವೆ. ಅದು ನೀರಿನೊಳಗೇ ಇದ್ದುಕೊಂಡು ಸಾಗಿದ ದೂರ. ಭೂಮಿಯನ್ನು ಎರಡು ಸುತ್ತು ಹಾಕಿದ ಹಾಗೆ. ಲೆಕ್ಕ ತೋರಿಸಿದ ಮೇಲೆ ತಮ್ಮ ಒಪ್ಪಿಕೊಂಡ.

ಈ ಪುಸ್ತಕವನ್ನು ಮೂರು ಸಲ ಓದಿದೆ. ಆಮೇಲೆ ಒಂದು ದಿನ ಲೈಬ್ರರಿಯಲ್ಲಿ ಇದರದ್ದೇ ಇಂಗ್ಲಿಷ್ ಪುಸ್ತಕ ನೋಡಿದೆ. ಎಷ್ಟು ದಪ್ಪ ಇತ್ತು ಗೊತ್ತಾ? ನಮ್ಮದು 112 ಪುಟ ಅಷ್ಟೇ. ನಿಘಂಟು ಪಕ್ಕದಲ್ಲಿ ಇಟ್ಟುಕೊಂಡು ಹನ್ನೆರಡು ಅಧ್ಯಾಯ ಓದಿದೆ. ಹನ್ನೊಂದನೆಯ ಅಧ್ಯಾಯದಲ್ಲಿ ನೀಮೋನ ಜಲಾಂತರ್ಗಾಮಿ ನಾಟಿಲಸ್ ಒಳಗಿನ ಲೈಬ್ರರಿ ಬರುತ್ತದೆ. ಹನ್ನೆರಡು ಸಾವಿರ ಪುಸ್ತಕ! ನಾಟಿಲಸ್ ಮೊದಲ ಸಲ ಮುಳುಗಿದ ದಿನ ಕೊನೆಯ ಪುಸ್ತಕಗಳನ್ನೂ ಕೊನೆಯ ಪತ್ರಿಕೆಗಳನ್ನೂ ಕೊಂಡೆ, ಆಮೇಲೆ ಮನುಷ್ಯರು ಏನೂ ಯೋಚಿಸಿಲ್ಲ, ಬರೆದೂ ಇಲ್ಲ ಅಂತ ಅಂದುಕೊಂಡಿದ್ದೇನೆ ಅನ್ನುತ್ತಾನೆ ನೀಮೋ. ಅದನ್ನು ಓದಿ ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು. ಹೊಸ ಪುಸ್ತಕವೇ ಬೇಡ ಅನ್ನುವಷ್ಟು ಒಬ್ಬ ಮನುಷ್ಯನಿಗೆ ನೋವಾಗಿದೆ ಅಂದರೆ ಏನು ನಡೆದಿರಬೇಕು? ಇಷ್ಟು ದೊಡ್ಡ ವಿಷಯ ನಮ್ಮ ಕನ್ನಡ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮನೆಗೆ ಬಂದು ಮೊದಲ ಪುಟ ತೆಗೆದು ನೋಡಿದೆ. ಸಣ್ಣ ಅಕ್ಷರದಲ್ಲಿ "ಸಂಗ್ರಹಾನುವಾದ" ಅಂತ ಇತ್ತು. ಅದರ ಅರ್ಥ ಅವತ್ತು ಗೊತ್ತಾಯಿತು.

ನಿಮ್ಮ ಮೇಲೆ ಕೋಪ ಇಲ್ಲ. ಆ ಚಿಕ್ಕ ಪುಸ್ತಕ ಇಲ್ಲದಿದ್ದರೆ ನನಗೆ ನೀಮೋ ಪರಿಚಯವೇ ಆಗುತ್ತಿರಲಿಲ್ಲ. ಆದರೆ ಈಗ ನನಗೆ ಅರ್ಧ ನೀಮೋ ಸಾಕಾಗುವುದಿಲ್ಲ. ಪೂರ್ತಿ ಅನುವಾದ ನಿಮ್ಮಲ್ಲಿ ಇದೆಯಾ? ಇದ್ದರೆ ನಾನು ಮುಂದೆ ಓದಬೇಕಾದ್ದು ಹೊಸ ಪುಸ್ತಕ ಅಲ್ಲ, ಇದೇ ಪುಸ್ತಕ ಅಂತ ನನಗೆ ಅನ್ನಿಸುತ್ತದೆ. ನೀವೇನಂತೀರಿ?

ಪೂರ್ತಿ ಬೇಕು ಅಂತ ಯಾಕೆ ಇಷ್ಟು ಹಟ ಮಾಡುತ್ತಿದ್ದೇನೆ ಅಂತ ಹೇಳುತ್ತೇನೆ. ನೀಮೋ ಒಳ್ಳೆಯವನಾ, ಕೆಟ್ಟವನಾ ಅನ್ನೋದು ನನಗೆ ಇನ್ನೂ ತೀರ್ಮಾನ ಆಗಿಲ್ಲ. ಸಿಂಹಳದ ಹತ್ತಿರ ಮುತ್ತಿಗಾಗಿ ಮುಳುಗುವ ಬಡವನೊಬ್ಬನನ್ನು ಶಾರ್ಕ್ ಬಾಯಿಂದ ಉಳಿಸುತ್ತಾನೆ. ಉಳಿಸಿ, ಅವನ ಕೈಗೆ ಒಂದು ಚೀಲ ಮುತ್ತು ಇಡುತ್ತಾನೆ. ತುಳಿತಕ್ಕೆ ಸಿಕ್ಕ ನಾಡಿನವನು ಅವನು, ಕೊನೆಯ ಉಸಿರಿನ ತನಕ ನಾನೂ ಆ ನಾಡಿನವನೇ ಅನ್ನುತ್ತಾನೆ. ಅದೇ ನೀಮೋ ಕೊನೆಯಲ್ಲಿ ಒಂದು ಯುದ್ಧದ ಹಡಗನ್ನು ಜನರ ಸಮೇತ ಮುಳುಗಿಸುತ್ತಾನೆ. ಅವರು ಮುಳುಗುವುದನ್ನು ನಿಂತು ನೋಡುತ್ತಾನೆ. ಆಮೇಲೆ ಕೋಣೆಗೆ ಹೋಗಿ ಒಬ್ಬ ಹೆಂಗಸು ಮತ್ತು ಎರಡು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಅಳುತ್ತಾನೆ. ಆ ಪುಟ ಓದಿದ ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ಹಡಗಿನಲ್ಲಿ ಇದ್ದವರಿಗೂ ಮನೆಯಲ್ಲಿ ಮಕ್ಕಳು ಇರುತ್ತಾರೆ ಅಲ್ವಾ? ಅದು ನೀಮೋಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು ಅಂತಲೇ ನನಗೆ ಅನ್ನಿಸುತ್ತದೆ. ಅದಕ್ಕೇ ಅತ್ತಿದ್ದು.

ಈ ಪ್ರಶ್ನೆ ಇಟ್ಟುಕೊಂಡೇ ಮೂರನೆಯದಾಗಿ ನಿಗೂಢ ದ್ವೀಪದ ಕಥೆ ಓದಿದೆ. ನೀಮೋ ಅದರಲ್ಲಿ ಬರುತ್ತಾನೆ ಅಂತ ನಮ್ಮ ದೊಡ್ಡಪ್ಪನ ಮಗ ಮೊದಲೇ ಹೇಳಿಬಿಟ್ಟ. ಅವತ್ತು ಅವನ ಜೊತೆ ಮಾತು ಬಿಟ್ಟೆ. ಆದರೂ ಆ ಅಧ್ಯಾಯ ಬಂದಾಗ ಮೈ ಜುಮ್ ಅಂದಿತು. ನೀಮೋ ನಿಜವಾಗಿ ಭಾರತದವನು! ಬುಂದೇಲಖಂಡದ ರಾಜನ ಮಗ, ಹೆಸರು ದಕ್ಕಾರ್. ಅದಕ್ಕಿಂತ ದೊಡ್ಡ ಮಾತು, ಅವನು ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ ಅಂತ ವರ್ನ್ ಬರೆದಿದ್ದಾರೆ. ಟಿಪ್ಪುವಿನ ಬಗ್ಗೆ ಇತಿಹಾಸದ ಪಾಠದಲ್ಲಿ ಓದಿದ್ದೆ. ಫ್ರಾನ್ಸಿನ ಲೇಖಕರೊಬ್ಬರ ಕಾದಂಬರಿಯಲ್ಲಿ ಆ ಹೆಸರು ಸಿಗುತ್ತದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ದಕ್ಕಾರ್ 1857ರ ಹೋರಾಟದಲ್ಲಿ ಸೇರುತ್ತಾನೆ, ಹೆಂಡತಿ ಮಕ್ಕಳನ್ನು ಕಳೆದುಕೊಳ್ಳುತ್ತಾನೆ, ಸಮುದ್ರದೊಳಗೆ ಹೋಗಿಬಿಡುತ್ತಾನೆ. ಆಗ ಆ ಚಿತ್ರದ ಹೆಂಗಸು ಯಾರು ಅಂತ ನನಗೆ ಹೊಳೆಯಿತು. ನಮ್ಮ ಪುಸ್ತಕದಲ್ಲಿ ಇದೆಲ್ಲ ಒಂದೂವರೆ ಪುಟದಲ್ಲಿ ಮುಗಿದುಹೋಗಿದೆ. ಒಂದೂವರೆ ಪುಟ! ನನಗೆ ಇದರ ಒಂದೊಂದು ಸಾಲೂ ಬೇಕಿತ್ತು.

ಇನ್ನೊಂದು ವಿಷಯ ಗಮನಿಸಿದ್ದೇನೆ. ಎಂಬತ್ತು ದಿನಗಳ ಕಥೆಯಲ್ಲಿ ಫಾಗ್ ಚಿತೆಯಿಂದ ಪಾರುಮಾಡುವ ಔದಾಳ ಗಂಡನೂ ಬುಂದೇಲಖಂಡದ ರಾಜನೇ. ವರ್ನ್‌ಗೆ ಬುಂದೇಲಖಂಡ ಯಾಕೆ ಅಷ್ಟು ಹಿಡಿಸಿತ್ತು? ಭಾರತದಲ್ಲೇ ನಡೆಯುವ ಇನ್ನೊಂದು ಕಾದಂಬರಿ ಅವರು 1880ರಲ್ಲಿ ಬರೆದಿದ್ದಾರೆ, ಅದರಲ್ಲಿ ಆನೆಯ ಆಕಾರದ ಉಗಿಯಂತ್ರ ಎರಡು ಮನೆಗಳನ್ನು ಎಳೆದುಕೊಂಡು ಹೋಗುತ್ತದೆ, ನಾನಾ ಸಾಹೇಬ್ ಕೂಡ ಬರುತ್ತಾನೆ ಅಂತ ಮೇಡಂ ಹೇಳಿದರು. ಅದು ಕನ್ನಡದಲ್ಲಿ ಇದೆಯಾ?

ಮೇಡಂ ಇನ್ನೊಂದು ಸಂಗತಿಯನ್ನೂ ಹೇಳಿದರು. ವರ್ನ್ ಮೊದಲು ನೀಮೋನನ್ನು ಪೋಲೆಂಡಿನವನು ಅಂತ ಮಾಡಬೇಕು ಅಂದುಕೊಂಡಿದ್ದರಂತೆ. ರಷ್ಯಾದವರ ಮೇಲೆ ಸೇಡು ತೀರಿಸಿಕೊಳ್ಳುವವನು. ಅವರ ಪ್ರಕಾಶಕರಾದ ಹೆಟ್ಜೆಲ್ ಅದಕ್ಕೆ ಒಪ್ಪಲಿಲ್ಲ. ರಷ್ಯಾದಲ್ಲೂ ಅವರ ಪುಸ್ತಕಗಳನ್ನು ಓದುವವರು ಇದ್ದರಲ್ಲ. ಅದಕ್ಕೇ ಮೊದಲ ಪುಸ್ತಕದಲ್ಲಿ ನೀಮೋ ಎಲ್ಲಿಯವನು ಅನ್ನೋದೇ ಇಲ್ಲ. ಪ್ರಕಾಶಕರು ಪುಸ್ತಕ ಅಚ್ಚು ಹಾಕುತ್ತಾರೆ ಅಷ್ಟೇ ಅಂತ ನಾನು ತಿಳಿದಿದ್ದೆ. ಕಥೆಯಲ್ಲೇ ಅವರ ಮಾತು ಸೇರಿರುತ್ತದೆ ಅಂತ ಗೊತ್ತಾದ ಮೇಲೆಯೇ ನಿಮಗೆ ಬರೆಯಲು ಧೈರ್ಯ ಬಂತು.

ಈಗ ಒಂದು ದೂರು. ನಿಗೂಢ ದ್ವೀಪದಲ್ಲಿ ಅಯರ್ಟನ್ ಅಂತ ಒಬ್ಬ ಬರುತ್ತಾನೆ. ಪಕ್ಕದ ದ್ವೀಪದಲ್ಲಿ ವರ್ಷಗಟ್ಟಲೆ ಒಬ್ಬನೇ ಇದ್ದು ಮಾತನ್ನೇ ಮರೆತು ಕಾಡುಪ್ರಾಣಿಯ ಹಾಗೆ ಆಗಿರುತ್ತಾನೆ. ಅವನನ್ನು ಅಲ್ಲಿ ಬಿಟ್ಟುಹೋದ ಕಥೆ ಕ್ಯಾಪ್ಟನ್ ಗ್ರ್ಯಾಂಟನ ಮಕ್ಕಳ ಪುಸ್ತಕದಲ್ಲಿ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅಂದರೆ ಗ್ರ್ಯಾಂಟನ ಮಕ್ಕಳು ಮೊದಲು, ನೀಮೋ ಎರಡನೆಯದು, ದ್ವೀಪ ಮೂರನೆಯದು. ನಾನು ಮೊದಲನೆಯದನ್ನು ಬಿಟ್ಟೇ ಮೂರನೆಯದನ್ನು ಓದಿಬಿಟ್ಟೆ. ಅಯರ್ಟನ್ ಪಶ್ಚಾತ್ತಾಪ ಪಡುವುದನ್ನು ನೋಡಿದೆ, ಅವನು ಮಾಡಿದ ತಪ್ಪನ್ನು ಕಣ್ಣಾರೆ ನೋಡಲಿಲ್ಲ. ಪುಸ್ತಕದ ಮೇಲೆ ಎಲ್ಲೂ ಬರೆದಿರಲಿಲ್ಲ. ಮುಂದಿನ ಸಲ ಅಚ್ಚು ಹಾಕುವಾಗ "ಇದಕ್ಕಿಂತ ಮೊದಲು ಇದನ್ನು ಓದಿ" ಅಂತ ಮೊದಲ ಪುಟದಲ್ಲಿ ಒಂದು ಸಾಲು ಹಾಕುತ್ತೀರಾ? ನನ್ನ ಹಾಗೆ ಓದುವವರಿಗೆ ಅದು ತುಂಬಾ ಮುಖ್ಯ.

ತಾರೀಕಿನದ್ದೂ ಒಂದು ಅನುಮಾನ ಇದೆ. ನೀಮೋನ ಕಥೆಯನ್ನು ನಮಗೆ ಹೇಳುವ ಪ್ರೊಫೆಸರ್ ಅರೊನಾಕ್ಸ್ ನಾಟಿಲಸ್ ಸೇರುವುದು 1867ರ ನವೆಂಬರಿನಲ್ಲಿ. ದ್ವೀಪದವರು ಬಲೂನಿನಿಂದ ಬೀಳುವುದು 1865ರಲ್ಲಿ. ನೀಮೋ ಅವರ ಕಣ್ಣಮುಂದೆ ಸಾಯುವುದು 1868ರಲ್ಲಿ. ಆಗ ಅವನು ಬಿಳಿಗಡ್ಡದ ಮುದುಕ, ಜೊತೆಯವರೆಲ್ಲ ತೀರಿಕೊಂಡಿದ್ದಾರೆ, ಅರೊನಾಕ್ಸ್ ಬಂದಿದ್ದು ಎಷ್ಟೋ ವರ್ಷದ ಹಿಂದಿನ ಮಾತು ಅನ್ನುತ್ತಾನೆ. ಒಂದು ವರ್ಷ ಕೂಡ ಆಗಿರುವುದಿಲ್ಲ! ಇದು ಅನುವಾದದಲ್ಲಿ ಆದ ತಪ್ಪಾ, ವರ್ನ್ ಅವರದ್ದೇನಾ? ವರ್ನ್ ಅವರದ್ದೇ ಆದರೂ ನನಗೆ ಅವರ ಮೇಲಿನ ಪ್ರೀತಿ ಕಡಿಮೆ ಆಗುವುದಿಲ್ಲ.

ನಾಲ್ಕನೆಯದು ಭೂಮಿಯಿಂದ ಚಂದ್ರನಿಗೆ ಹೋಗುವುದು. ಅದನ್ನು ಓದಿ ಒಂದು ತಿಂಗಳಾಯಿತು. ಮೂವರು ಫಿರಂಗಿ ಗುಂಡಿನೊಳಗೆ ಕೂತು ಹಾರಿಹೋದರು, ಚಂದ್ರನ ಸುತ್ತ ಸುತ್ತುತ್ತಿದ್ದಾರೆ, ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಅಲ್ಲಿಗೆ ಪುಸ್ತಕ ಮುಗಿದೇಹೋಯಿತು. ಅದು ಬಂದಿದ್ದು 1865ರಲ್ಲಿ, ಮುಂದಿನ ಭಾಗ ಶುರುವಾಗಿದ್ದು 1869ರಲ್ಲಿ. ಆಗಿನ ಓದುಗರು ನಾಲ್ಕು ವರ್ಷ ಹೇಗೆ ಕಾದರೋ. ನನ್ನಿಂದ ಆಗುವುದಿಲ್ಲ. ಎರಡನೇ ಭಾಗ ನೀವು ತಂದಿದ್ದರೆ ದಯವಿಟ್ಟು ತಿಳಿಸಿ.

ನೋಡಿ, ನನ್ನ ಮುಂದೆ ಈಗ ನಾಲ್ಕು ದಾರಿ ಇವೆ. ಪೂರ್ತಿ ನೀಮೋ, ಗ್ರ್ಯಾಂಟನ ಮಕ್ಕಳು, ಉಗಿ ಆನೆ, ಚಂದ್ರನ ಎರಡನೇ ಭಾಗ. ಹುಟ್ಟುಹಬ್ಬಕ್ಕೆ ಒಂದೇ ಪುಸ್ತಕ ಕೊಡಿಸುತ್ತೇನೆ ಅಂತ ಅಮ್ಮ ಹೇಳಿದ್ದಾರೆ. ಒಂದೇ ಆದರೆ ಯಾವುದು?

ಇನ್ನೊಂದು ಪ್ರಶ್ನೆ ಇದೆ, ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ್ದು ಇದರ ಉತ್ತರವೇ. ವರ್ನ್ ಪುಸ್ತಕಗಳು ಒಂದು ದಿನ ಮುಗಿಯುತ್ತವೆ. ಆಮೇಲೆ ಯಾರನ್ನು ಓದಲಿ? ಜಲಾಂತರ್ಗಾಮಿ, ರಾಕೆಟ್ ಇರುವ ಪುಸ್ತಕಗಳ ಹೆಸರನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾಗಿರುವುದು ಯಂತ್ರ ಅಲ್ಲ. ನೀಮೋ ಥರದವರು. ಓದಿ ಮುಚ್ಚಿಟ್ಟ ಮೇಲೂ ಒಳ್ಳೆಯವರಾ ಕೆಟ್ಟವರಾ ಅಂತ ಹೇಳೋಕೆ ಆಗದೆ, ಜೊತೆಗೇ ಬರುವವರು. ಅಂಥವರು ಇರುವ ಕನ್ನಡದ್ದೇ ಕಾದಂಬರಿ ಇದ್ದರೆ ಇನ್ನೂ ಒಳ್ಳೆಯದು. ಬೇರೆಯವರು ಪ್ರಕಟಿಸಿದ್ದಾದರೂ ಪರವಾಗಿಲ್ಲ, ಹೆಸರು ಹೇಳಿ. ದೊಡ್ಡವರ ಪುಸ್ತಕ ಅಂತ ಹೇಳದೆ ಬಿಡಬೇಡಿ. ಅರ್ಥ ಆಗದಿದ್ದರೆ ಇಟ್ಟುಕೊಂಡು ಎರಡು ವರ್ಷ ಬಿಟ್ಟು ಓದುತ್ತೇನೆ.

ನನ್ನ ಹೆಸರು, ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ಒಳಗೆ ಸ್ಟಾಂಪ್ ಹಚ್ಚಿದ ಇನ್ನೊಂದು ಲಕೋಟೆಯನ್ನೂ ಇಟ್ಟಿದ್ದೇನೆ. ಅನುವಾದ ಮಾಡಿದವರಿಗೆ ನನ್ನ ನಮಸ್ಕಾರ ತಿಳಿಸಿ. ಮುತ್ತಿನ ಚೀಲದ ಆ ಅಧ್ಯಾಯವನ್ನು ಅವರು ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ನಾನು ಅದನ್ನು ತಮ್ಮನಿಗೆ ನೋಡದೆ ಹೇಳಬಲ್ಲೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನಿಮ್ಮ ಓದುಗಿ

ತಾ.ಕ.: ಮೇಲಿನ ಪತ್ರ ಓದಿ ತಮ್ಮನೂ ಕೇಳುತ್ತಿದ್ದಾನೆ. ಅವನಿಗೆ ಒಂಬತ್ತು ವರ್ಷ. ಚಿತ್ರ ಇರಬೇಕಂತೆ, ಆಕ್ಟೋಪಸ್ ಇರಲೇಬೇಕಂತೆ. ಅವನಿಗೂ ಒಂದು ಪುಸ್ತಕದ ಹೆಸರು ಬರೆಯಿರಿ.